ಗ್ಯಾಸೋ ಇಂಡಕ್ಷನ್ನೋ: ಇಬ್ಬರ ಅಡುಗೆಮನೆಯ ಲೆಕ್ಕ

ಇಂಡಕ್ಷನ್ ಒಲೆ ಅಗ್ಗವೋ ಗ್ಯಾಸ್ ಅಗ್ಗವೋ ಎಂಬ ಪ್ರಶ್ನೆಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರವಿಲ್ಲ. ಸಿಲಿಂಡರ್ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕರೆಂಟಿನ ದರ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ ಇದರ ಜೊತೆಗೆ ಗೃಹಜ್ಯೋತಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದಕ್ಕೆ ಇಂಡಕ್ಷನ್ ಉಳಿತಾಯವಾಗಿ, ಇನ್ನೊಂದಕ್ಕೆ ಅದೇ ದುಬಾರಿಯಾಗಬಹುದು. ಗಂಡ ಹೆಂಡತಿ ಇಬ್ಬರೇ ಇರುವ, ಎಂಟು ಅಡಿಗೆ ಆರಡಿಯ ಅಡುಗೆಮನೆಯುಳ್ಳ ಬೆಂಗಳೂರಿನ ಒಂದು ಬಾಡಿಗೆ ಮನೆಯನ್ನು ಮುಂದಿಟ್ಟುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ.

ಮೊದಲು ಇಂಧನ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅದು ಪೂರ್ತಿ ಉರಿದಾಗ ಹೊರಬರುವ ಶಾಖವನ್ನು ಕರೆಂಟಿನ ಯೂನಿಟ್ ಲೆಕ್ಕದಲ್ಲಿ ಹೇಳಿದರೆ ಸುಮಾರು 181 ಯೂನಿಟ್. ಈ ಶಾಖವೆಲ್ಲ ಪಾತ್ರೆಗೆ ಸೇರುವುದಿಲ್ಲ. ಒಂದಷ್ಟು ಪಾತ್ರೆಯ ಪಕ್ಕದಿಂದ ಮೇಲಕ್ಕೆ ಹೋಗುತ್ತದೆ, ಒಂದಷ್ಟು ಬರ್ನರ್ ಮತ್ತು ಸ್ಟ್ಯಾಂಡನ್ನು ಕಾಯಿಸುತ್ತದೆ. ಐಎಸ್‌ಐ ಗುರುತಿನ ಗ್ಯಾಸ್ ಒಲೆ ಪರೀಕ್ಷೆಯಲ್ಲಿ ಕನಿಷ್ಠ ಶೇ 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು ಎಂಬ ನಿಯಮವಿದೆ. ಆದರೆ ಪರೀಕ್ಷೆಗೆ ಬಳಸುವುದು ಅಗಲವಾದ ಪಾತ್ರೆ, ಅಲ್ಲಿ ಗಾಳಿಯ ಕಾಟವೂ ಇರುವುದಿಲ್ಲ. ಮನೆಯಲ್ಲಿ ಕಿಟಕಿಯ ಗಾಳಿ ಬೀಸುತ್ತದೆ, ಬರ್ನರಿನ ತೂತುಗಳಲ್ಲಿ ಕಸ ಕಟ್ಟಿರುತ್ತದೆ, ಚಿಕ್ಕ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲೆ ಇಟ್ಟಿರುತ್ತಾರೆ. ಶೇ 60 ಎಂದು ಹಿಡಿದರೆ ಉದಾರವಾದ ಲೆಕ್ಕವೇ ಆಯಿತು. ಆ ಪ್ರಕಾರ ಒಂದು ಸಿಲಿಂಡರಿನಿಂದ ಪಾತ್ರೆಗೆ ದಕ್ಕುವುದು 109 ಯೂನಿಟ್‌ನಷ್ಟು ಶಾಖ.

ಇಂಡಕ್ಷನ್ ಒಲೆಯಲ್ಲಿ ಶಾಖ ಹುಟ್ಟುವುದು ಒಲೆಯಲ್ಲಲ್ಲ, ಪಾತ್ರೆಯ ತಳದಲ್ಲಿ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಇದರಿಂದ ಉಂಟಾಗುವ ಕಾಂತಶಕ್ತಿ ಪಾತ್ರೆಯ ಕಬ್ಬಿಣದ ತಳದೊಳಗೆ ಸುಳಿಯಂತೆ ತಿರುಗುವ ಕರೆಂಟನ್ನು ಎಬ್ಬಿಸುತ್ತದೆ; ತಳ ತಾನಾಗಿಯೇ ಕಾಯುತ್ತದೆ. ಪಕ್ಕದಿಂದ ಹರಿದುಹೋಗಲು ಉರಿಯೇ ಇಲ್ಲದ್ದರಿಂದ ಮೀಟರಿನಲ್ಲಿ ಓಡಿದ ಕರೆಂಟಿನ ಸುಮಾರು ಶೇ 85ರಷ್ಟು ಅಡುಗೆಗೆ ಸಿಗುತ್ತದೆ. ಉಳಿದದ್ದು ಒಳಗಿನ ಸರ್ಕ್ಯೂಟ್ ಬಿಸಿಯಾಗುವುದಕ್ಕೆ ಮತ್ತು ಫ್ಯಾನಿಗೆ ಹೋಗುತ್ತದೆ. ಒಂದು ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಮಾಡಬೇಕಾದರೆ ಹೀಗೆ ಸುಮಾರು 128 ಯೂನಿಟ್ ಬೇಕು.

ಈಗ ರೂಪಾಯಿಯ ಮಾತು. ಸಿಲಿಂಡರಿಗೆ 850 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 2025-26ರಲ್ಲಿ ಗೃಹಬಳಕೆಯ ವಿದ್ಯುತ್ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, ಶೇ 9ರಷ್ಟು ತೆರಿಗೆ. ತಿಂಗಳಿಂದ ತಿಂಗಳಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕವನ್ನು ಬಿಟ್ಟರೂ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆಗೆ ಬಂದು ನಿಲ್ಲುತ್ತದೆ. 128 ಯೂನಿಟ್‌ಗೆ 858 ರೂಪಾಯಿ. ಅಂದರೆ ಎರಡೂ ಬಹುತೇಕ ಸರಿಸಮ. ಇಬ್ಬರ ಕಾಫಿಯಿಂದ ಹಿಡಿದು ಎಲ್ಲ ಅಡುಗೆಗೂ ಇದೇ ಅನುಪಾತ. ಒಂದು ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಲು ಗ್ಯಾಸ್ ಸುಮಾರು ಹನ್ನೊಂದೂವರೆ ಗ್ರಾಂ ಖರ್ಚಾಗುತ್ತದೆ, ಇಂಡಕ್ಷನ್ನಿನಲ್ಲಿ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ಎರಡಕ್ಕೂ ಎಪ್ಪತ್ತು ಪೈಸೆಯ ಆಸುಪಾಸು. ಇಂಡಕ್ಷನ್ ತಂದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ಪೂರ್ತಿ ದರ ಕೊಡುವ ಮನೆಗೆ ಸಲ್ಲುವುದಿಲ್ಲ. ಕರೆಂಟ್ ಬಿಲ್ ಏರಿ ಮನೆ ಮುಳುಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ಮಾತ್ರ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಸಿಗುವುದರಿಂದ ಗ್ಯಾಸ್ ನಿಸ್ಸಂಶಯವಾಗಿ ಅಗ್ಗ.

ಸರಿಸಮವಾದ ಈ ತಕ್ಕಡಿಯನ್ನು ಕರ್ನಾಟಕದಲ್ಲಿ ಒಂದು ಕಡೆಗೆ ವಾಲಿಸುವುದು ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯನ್ನು 200 ಯೂನಿಟ್ ಪೂರ್ತಿ ಉಚಿತ ಎಂದು ತಿಳಿದವರು ಬಹಳ. ಹಾಗಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸಾಮಾನ್ಯವಾಗಿ ಶೇ 10 ಸೇರಿಸಿ ಆ ಮನೆಗೆ ಉಚಿತ ಯೂನಿಟ್ ನಿಗದಿ ಮಾಡಲಾಗಿದೆ. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಸಿಕ್ಕದ್ದು 58 ಯೂನಿಟ್. ನಿಗದಿಗಿಂತ ಹೆಚ್ಚು ಬಳಸಿದರೆ ಹೆಚ್ಚಾದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳು ಇಡೀ ಬಿಲ್ ಕಟ್ಟಬೇಕು.

ಇಬ್ಬರ ಮನೆಯಲ್ಲಿ ಸಿಲಿಂಡರ್ ಎರಡು ತಿಂಗಳು ಬರುತ್ತದೆ ಎಂದುಕೊಳ್ಳೋಣ. ತಿಂಗಳಿಗೆ ಗ್ಯಾಸಿನ ಖರ್ಚು 425 ರೂಪಾಯಿ. ಅದೇ ಅಡುಗೆಗೆ ಇಂಡಕ್ಷನ್ನಿನಲ್ಲಿ 64 ಯೂನಿಟ್. ಮನೆಗೆ ನಿಗದಿಯಾದ ಉಚಿತ ಯೂನಿಟ್ 58 ಆಗಿದ್ದು, ಫ್ರಿಜ್, ಫ್ಯಾನ್, ದೀಪಗಳೇ 70 ಯೂನಿಟ್ ನುಂಗುತ್ತಿದ್ದರೆ, ಅಡುಗೆಯ 64 ಯೂನಿಟ್‌ಗೂ ಪೂರ್ತಿ ದರ ಬೀಳುತ್ತದೆ. ಅದು ಸುಮಾರು 430 ರೂಪಾಯಿ. ಗ್ಯಾಸಿಗಿಂತ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದೇ ಮನೆಗೆ 130 ಯೂನಿಟ್ ನಿಗದಿಯಾಗಿದ್ದು ಸದ್ಯದ ಬಳಕೆ 95 ಮಾತ್ರ ಇದ್ದರೆ ಚಿತ್ರವೇ ಬೇರೆ. ಅಡುಗೆಯ ಮೊದಲ 35 ಯೂನಿಟ್ ಉಚಿತ, ಉಳಿದ 29ಕ್ಕೆ ಸುಮಾರು 195 ರೂಪಾಯಿ. ತಿಂಗಳಿಗೆ 230 ರೂಪಾಯಿ ಉಳಿಯಿತು. ಎರಡು ಸಾವಿರದ ಆಸುಪಾಸಿನ ಒಲೆಯ ಬೆಲೆ ಒಂಬತ್ತು ಹತ್ತು ತಿಂಗಳಲ್ಲಿ ವಾಪಸು ಬರುತ್ತದೆ.

ಪೆಟ್ಟು ಬೀಳುವುದು ಮೂರನೇ ಬಗೆಯ ಮನೆಗೆ. ಗೀಸರ್ ಇರುವ, 150 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿರುವ ಮನೆ ಅದು. 64 ಯೂನಿಟ್ ಸೇರಿದರೆ ಒಟ್ಟು 214. ಹದಿನಾಲ್ಕೇ ಯೂನಿಟ್ ಮೀರಿದ್ದಕ್ಕೆ ಇಡೀ 214 ಯೂನಿಟ್‌ಗೆ ಹಣ ತೆರಬೇಕು, 2025-26ರ ದರದಲ್ಲಿ ಕಿಲೋವಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕವೂ ಮೇಲೆ ಬೀಳುತ್ತದೆ. ಮಂಜೂರಾದ ಲೋಡ್ ಎರಡು ಕಿಲೋವಾಟ್ ಆಗಿದ್ದರೆ ಬಿಲ್ 1,700 ರೂಪಾಯಿ ದಾಟುತ್ತದೆ. 425 ರೂಪಾಯಿಯ ಗ್ಯಾಸ್ ಉಳಿಸಲು ಹೋಗಿ ನಾಲ್ಕು ಪಟ್ಟು ಕೊಟ್ಟಂತೆ. ಇಂಥ ಮನೆಯವರು ಇಂಡಕ್ಷನ್ ಬಳಸಬಾರದು ಎಂದಲ್ಲ. ದಿನಕ್ಕೆ ಒಂದೂವರೆ ಯೂನಿಟ್ ಮೀರದಂತೆ, ಅಂದರೆ ಅನ್ನದ ಕುಕ್ಕರ್, ಹಾಲು, ಕಾಫಿಗೆ ಮಾತ್ರ ಬಳಸಬೇಕು. ಹಾಗಾಗಿ ಒಲೆ ಕೊಳ್ಳುವ ಮುಂಚೆ ನೋಡಬೇಕಾದದ್ದು ಅಂಗಡಿಯ ರಿಯಾಯಿತಿ ಬೋರ್ಡನ್ನಲ್ಲ, ಕಳೆದ ಕೆಲವು ತಿಂಗಳ ಕರೆಂಟ್ ಬಿಲ್ಲನ್ನು. ಗೀಸರ್ ಹೆಚ್ಚು ಓಡುವ ಚಳಿಗಾಲದ ಬಿಲ್ಲನ್ನಂತೂ ಬಿಡದೆ ನೋಡಬೇಕು.

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ಯಾಸಿನ ಶೇ 60 ಎಂಬುದು ಎಲ್ಲ ಪಾತ್ರೆಗಳಿಗೂ ಒಂದೇ ಅಲ್ಲ. ಎರಡು ಲೋಟ ಟೀ ಮಾಡುವ ಪುಟ್ಟ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲಿಟ್ಟು ಉರಿ ಜೋರು ಮಾಡಿದರೆ ನೀಲಿ ನಾಲಿಗೆ ಪಾತ್ರೆಯ ಪಕ್ಕಕ್ಕೆ ಹತ್ತುತ್ತದೆ, ಹಿಡಿ ಸುಡುತ್ತದೆ. ಆ ಶಾಖದಲ್ಲಿ ಹೆಚ್ಚಿನ ಪಾಲು ಅಡುಗೆಮನೆಯ ಗಾಳಿಗೆ ಹೋಯಿತು ಎಂದೇ ಅರ್ಥ. ಇಂಡಕ್ಷನ್ನಿನಲ್ಲಿ ಈ ನಷ್ಟ ಇಲ್ಲ. ಇಬ್ಬರಿಗೆ ಸ್ವಲ್ಪ ಸ್ವಲ್ಪ ಬೇಯಿಸುವ ಮನೆಗೆ ಇದು ನಿಜವಾದ ಅನುಕೂಲ. ಬೇಸಿಗೆಯ ಮಧ್ಯಾಹ್ನ ಇಕ್ಕಟ್ಟಾದ ಅಡುಗೆಮನೆಯಲ್ಲಿ ನಿಂತವರಿಗೆ ಇದು ಬೆವರಿನಲ್ಲೇ ಗೊತ್ತಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಎರಡೂ ಒಲೆಗಳ ಅಪಾಯ ಬೇರೆ ಬೇರೆ ಜಾತಿಯದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ 2ರಷ್ಟು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಸಿಲಿಂಡರ್ ಇರುವ ಕಟ್ಟೆಯ ಕೆಳಗಿನ ಗೂಡಿಗೆ ಬಿಗಿಯಾದ ಬಾಗಿಲು ಹಾಕಿಸುವುದು ಚೆಂದಕ್ಕೆ ಸರಿ, ಆದರೆ ಸೋರಿದ ಗ್ಯಾಸ್ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಬಾಗಿಲು ಬೇಕೇ ಬೇಕೆಂದರೆ ಕೆಳಗಡೆ ಜಾಲರಿ ಇರಲಿ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ನಾವು ಗುರುತಿಸುವ ಕೊಳೆತ ವಾಸನೆ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಸೋರಿಕೆ ತಿಳಿಯಲೆಂದೇ ಬೆರೆಸಿದ್ದು. ಆ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ಬಾಗಿಲು ತೆರೆಯಬೇಕು. ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಎಕ್ಸಾಸ್ಟ್ ಫ್ಯಾನಿಗೂ ಇದೇ ಮಾತು. ಸ್ವಿಚ್ಚಿನೊಳಗಿನ ಸಣ್ಣ ಕಿಡಿಯೇ ಸಾಕು. ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು, ಅದು ಗ್ಯಾಸ್ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ.

ಸೋರಿಕೆ ಹೆಚ್ಚಾಗಿ ಆಗುವುದು ಟ್ಯೂಬಿನಲ್ಲಿ ಮತ್ತು ರೆಗ್ಯುಲೇಟರ್ ಕೂರುವ ಬಾಯಿಯಲ್ಲಿ. ಒಳಗೆ ಉಕ್ಕಿನ ತಂತಿಯ ಹೆಣಿಗೆಯಿರುವ ಸುರಕ್ಷಾ ಟ್ಯೂಬನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ತಯಾರಾದ ವರ್ಷ ಟ್ಯೂಬಿನ ಮೇಲೆಯೇ ಅಚ್ಚಾಗಿರುತ್ತದೆ. ಸಾಬೂನು ನೀರನ್ನು ಹಚ್ಚಿ ನೋಡಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ಪರೀಕ್ಷಿಸುವುದು ಎಂದಿಗೂ ಸಲ್ಲದು. ಉರಿಯ ಬಣ್ಣವೂ ಒಂದು ಸುಳಿವು. ನೀಲಿ ಇರಬೇಕಾದ ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ, ತೂತುಗಳು ಕಟ್ಟಿವೆ ಎಂದು ತಿಳಿಯಬೇಕು. ಆಗ ಗ್ಯಾಸೂ ಪೋಲು, ಕಾರ್ಬನ್ ಮೊನಾಕ್ಸೈಡ್ ಕೂಡ ಹೆಚ್ಚು. ಉರಿ ಸರಿಯಾಗಿದ್ದರೂ ನೈಟ್ರೋಜನ್ ಡೈಆಕ್ಸೈಡ್ ಎಂಬ, ಶ್ವಾಸಕೋಶಕ್ಕೆ ಒಗ್ಗದ ಅನಿಲ ಹುಟ್ಟಿಯೇ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ, ಅದರಲ್ಲೂ ಮನೆಯಲ್ಲಿ ಉಬ್ಬಸದವರಿದ್ದರೆ, ಇಂಡಕ್ಷನ್ ಪರವಾಗಿ ಹೇಳಬಹುದಾದ ಬಲವಾದ ಕಾರಣ ಇದೇ.

ಇಂಡಕ್ಷನ್ನಿನಲ್ಲಿ ಉರಿಯಿಲ್ಲ, ಸೆರಗಿಗೆ ಬೆಂಕಿ ತಗಲುವ ಭಯವಿಲ್ಲ, ಪಾತ್ರೆ ತೆಗೆದರೆ ಒಲೆ ತಾನೇ ನಿಲ್ಲುತ್ತದೆ. ಅಪಾಯವಿರುವುದು ಗೋಡೆಯ ಸಾಕೆಟ್ಟಿನಲ್ಲಿ. 2,000 ವಾಟಿನ ಒಲೆ ಪೂರ್ತಿ ಓಡುವಾಗ ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್. ಮೊಬೈಲ್ ಚಾರ್ಜರ್ ಸಿಕ್ಕಿಸುವ ಸಣ್ಣ ಸಾಕೆಟ್ ತಾಳುವುದು 6 ಆಂಪಿಯರ್ ಮಾತ್ರ. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ದಪ್ಪದ ವೈರ್, ಸರಿಯಾದ ಅರ್ಥಿಂಗ್ ಮೂರೂ ಇರಬೇಕು. ಬಾಡಿಗೆ ಮನೆಗಳಲ್ಲಿ ಇಂಥ ಸಾಕೆಟ್ ಅಡುಗೆ ಕಟ್ಟೆಯ ಹತ್ತಿರ ಒಂದೇ ಇದ್ದು, ಅದನ್ನೂ ಫ್ರಿಜ್ ಹಿಡಿದಿರುತ್ತದೆ. ಆಗ ದಪ್ಪ ಪಿನ್ನಿಗೆ ಕನ್ವರ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವುದೋ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯುವುದೋ ನಡೆಯುತ್ತದೆ. ಕೆಲವು ವಾರ ಏನೂ ಆಗುವುದಿಲ್ಲ. ಆಮೇಲೆ ಪ್ಲಗ್ ಮುಟ್ಟಿದರೆ ಬಿಸಿ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಈ ಮೂರರಲ್ಲಿ ಒಂದು ಕಂಡರೂ ಒಲೆ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಲೇಬೇಕು. ಬೇರೆ ವೈರಿಂಗ್ ಮಾಡಿಸಲು ಮನೆ ಮಾಲೀಕರು ಒಪ್ಪದಿದ್ದರೆ 1,200 ವಾಟ್ ಒಳಗಿನ ಒಲೆ ಕೊಳ್ಳುವುದು ವಿವೇಕ. ಇಬ್ಬರ ಅಡುಗೆಗೆ ಅದು ಸಾಕು, ಸ್ವಲ್ಪ ನಿಧಾನ ಅಷ್ಟೇ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಷಾಕ್ ಭಯ ಬಹಳ ಕಡಿಮೆಯಾಗುತ್ತದೆ.

ಒಲೆಯನ್ನು ಬಳಸುವಾಗಲೂ ಕೆಲವು ಎಚ್ಚರಗಳಿವೆ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬಾರದು. ಮೊದಲು ಒಲೆಯ ಬಟನ್ ಒತ್ತಿ, ಒಳಗಿನ ಫ್ಯಾನ್ ತಾನಾಗಿ ನಿಂತ ಮೇಲೆ ಸ್ವಿಚ್ ಆರಿಸಿದರೆ ಸರ್ಕ್ಯೂಟ್ ಬಾಳುತ್ತದೆ. ಗಾಳಿ ಎಳೆಯುವ ಕಿಂಡಿ ಒಲೆಯ ಅಡಿಯಲ್ಲಿರುವುದರಿಂದ ಕೆಳಗೆ ಬಟ್ಟೆ ಅಥವಾ ಪೇಪರ್ ಹಾಸಬಾರದು. ಗಾಜು ಬಿರುಕು ಬಿಟ್ಟರೆ, ಒಲೆ ಇನ್ನೂ ಓಡುತ್ತಿದ್ದರೂ ಅದನ್ನು ಮುಟ್ಟಬಾರದು. ಉಕ್ಕಿದ ಹಾಲು ಬಿರುಕಿನಲ್ಲಿ ಇಳಿದು ಒಳಗಿನ ಕರೆಂಟನ್ನು ತಲುಪಬಹುದು. ಎಣ್ಣೆ ಇಂಡಕ್ಷನ್ನಿನಲ್ಲಿ ಎಣಿಸಿದ್ದಕ್ಕಿಂತ ಬೇಗ ಕಾಯುತ್ತದೆ, ಬಾಣಲೆ ಇಟ್ಟು ಈರುಳ್ಳಿ ಹೆಚ್ಚಲು ತಿರುಗುವಂತಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಒಲೆಗೆ ಎರಡಡಿಯಷ್ಟು ದೂರವಿರಬೇಕು, ಬಳಸುವ ಮುಂಚೆ ವೈದ್ಯರನ್ನು ಕೇಳಬೇಕು.

ಇನ್ನು ಪಾತ್ರೆ. ಒಲೆಯ ಬೆಲೆ ನೋಡಿ ತಂದವರು ಮನೆಗೆ ಬಂದು ಪೆಚ್ಚಾಗುವುದು ಇಲ್ಲಿಯೇ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಪಾತ್ರೆ ಯಾವುದೂ ಸಾಮಾನ್ಯ ಇಂಡಕ್ಷನ್ನಿನ ಮೇಲೆ ಕಾಯುವುದಿಲ್ಲ, ಒಲೆ ಬೀಪ್ ಎಂದು ಕೂಗಿ ನಿಲ್ಲುತ್ತದೆ. ಸ್ಟೀಲ್ ಎಂದರೆ ಆಯಿತು ಎನ್ನುವಂತೆಯೂ ಇಲ್ಲ. ನಮ್ಮ ಮನೆಗಳ ಹೊಳೆಯುವ ಸ್ಟೀಲ್ ಪಾತ್ರೆಗಳಲ್ಲಿ ಬಹಳಷ್ಟು ಅಯಸ್ಕಾಂತಕ್ಕೆ ಅಂಟದ ಜಾತಿಯವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಅಯಸ್ಕಾಂತವನ್ನು ಪಾತ್ರೆಯ ಪಕ್ಕಕ್ಕಲ್ಲ, ತಳದ ನಡುವಿಗೆ ಹಿಡಿದು ನೋಡಬೇಕು. ಗಟ್ಟಿಯಾಗಿ ಹಿಡಿದುಕೊಂಡರೆ ಆ ಪಾತ್ರೆ ನಡೆಯುತ್ತದೆ, ಸುಮ್ಮನೆ ಸವರಿಕೊಂಡು ಜಾರಿದರೆ ನಡೆದರೂ ನಿಧಾನ. ಎರಡನೇ ಪರೀಕ್ಷೆ ಸಮತಟ್ಟಿನದು. ಪಾತ್ರೆಯನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ಬೆರಳಿನಿಂದ ತಿರುಗಿಸಿದಾಗ ಅದು ಗಿರ್ರನೆ ಸುತ್ತಿದರೆ ತಳ ಉಬ್ಬಿದೆ ಎಂದರ್ಥ; ಅಂಥದ್ದು ನಡುವಿನಲ್ಲಿ ಮಾತ್ರ ಗಾಜಿಗೆ ತಾಗುತ್ತದೆ.

ಎಲ್ಲ ಪಾತ್ರೆ ಬದಲಿಸುವ ಅಗತ್ಯ ಇಬ್ಬರ ಮನೆಗೆ ಇಲ್ಲ. ಇಂಡಕ್ಷನ್ ತಳದ ಮೂರು ಲೀಟರ್ ಕುಕ್ಕರ್ ಒಂದು, ಹಾಲು ಕಾಫಿಗೆ ಒಂದು ಪಾತ್ರೆ, ಪಲ್ಯಕ್ಕೆ ಚಪ್ಪಟೆ ತಳದ ಬಾಣಲೆ ಒಂದು ಇದ್ದರೆ ದಿನದ ಅಡುಗೆ ಸಾಗುತ್ತದೆ. ಸಾಮಾನ್ಯ ಪಾತ್ರೆಯ ಕೆಳಗಿಡಲು ಕಬ್ಬಿಣದ ತಟ್ಟೆಯೊಂದನ್ನು ಮಾರುತ್ತಾರೆ. ಅದನ್ನು ಕೊಳ್ಳದಿರುವುದೇ ಒಳ್ಳೆಯದು. ಆಗ ಮೊದಲು ತಟ್ಟೆ ಕಾದು, ಅದರಿಂದ ಪಾತ್ರೆ ಕಾಯಬೇಕು. ಇಂಡಕ್ಷನ್ನಿನ ಉಳಿತಾಯವೆಲ್ಲ ಅಲ್ಲಿಗೆ ಹೋಗುತ್ತದೆ, ಗಾಜೂ ವಿಪರೀತ ಬಿಸಿಯಾಗುತ್ತದೆ.

ಕರ್ನಾಟಕದ ಊಟದಲ್ಲಿ ಇಂಡಕ್ಷನ್ನಿಗೆ ಒಗ್ಗದ ಕೆಲಸಗಳು ಕೆಲವಿವೆ, ಅವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಾಧಾರಣ ಒಲೆಯೊಳಗಿನ ಸುರುಳಿಯ ಅಗಲ ಸುಮಾರು ಒಂದು ಗೇಣು. ಹನ್ನೊಂದು ಅಂಗುಲದ ದೋಸೆ ಕಾವಲಿ ಇಟ್ಟರೆ ನಡುವಿನ ಆ ವರ್ತುಲ ಮಾತ್ರ ಜೋರಾಗಿ ಕಾಯುತ್ತದೆ. ದೋಸೆಯ ಹೊಟ್ಟೆ ಕೆಂಪಾಗುವ ಹೊತ್ತಿಗೆ ಅಂಚು ಬಿಳಿಯಾಗಿ ಮೆತ್ತಗೆ ಉಳಿದಿರುತ್ತದೆ. ದಪ್ಪ ಎರಕದ ಕಬ್ಬಿಣದ ಕಾವಲಿಯನ್ನು ಮಧ್ಯಮ ಕಾವಿನಲ್ಲಿ ಐದು ನಿಮಿಷ ಬಿಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ತೆಳ್ಳಗಿನ ಕಾವಲಿಯಾದರೆ ತಳವೇ ಸೊಟ್ಟಗಾಗುತ್ತದೆ. ಒಗ್ಗರಣೆ ಸೌಟನ್ನು ಹಲವು ಒಲೆಗಳು ಗುರುತಿಸುವುದೇ ಇಲ್ಲ, ಅದರ ತಳ ಅಷ್ಟು ಚಿಕ್ಕದು. ಜೋಳದ ರೊಟ್ಟಿಯನ್ನು ಕೊನೆಗೆ ಉರಿಯ ಮೇಲೆ ಉಬ್ಬಿಸುವುದು, ಬಜ್ಜಿಗೆ ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು ಉರಿಯಿಲ್ಲದೆ ಆಗುವ ಮಾತಲ್ಲ. ಮುದ್ದೆ ಬೇಯುವುದೇನೋ ಬೇಯುತ್ತದೆ. ಆದರೆ ಪಾತ್ರೆಯನ್ನು ಅದುಮಿ ಹಿಡಿದು ಕೋಲಿನಿಂದ ತೊಳೆಸುವಾಗ ಬೀಳುವ ಒತ್ತಡವನ್ನು ಗಾಜಿನ ಮೇಲೆ ಹಾಕಬಾರದು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕೆ ಇಳಿಸಿಯೇ ತೊಳೆಸಬೇಕು. ಅಗ್ಗದ ಒಲೆಗಳಲ್ಲಿ ಸಣ್ಣ ಕಾವು ಎಂದರೆ ನಿಜವಾಗಿ ಸಣ್ಣ ಕಾವಲ್ಲ, ಜೋರು ಕಾವು ಕೆಲವು ಸೆಕೆಂಡು ಹತ್ತಿ ಕೆಲವು ಸೆಕೆಂಡು ನಿಲ್ಲುವುದು. ತಳ ತೆಳ್ಳಗಿದ್ದರೆ ಪಾಯಸ, ಹಾಲು ಹಿಡಿಯುವುದು ಇದೇ ಕಾರಣಕ್ಕೆ.

ಅನ್ನ, ಬೇಳೆ, ಹಾಲು, ಕಾಫಿ, ಇಡ್ಲಿಯಂಥ ನೀರಿನಲ್ಲಿ ಮತ್ತು ಹಬೆಯಲ್ಲಿ ಬೇಯುವ ಕೆಲಸಗಳಿಗೆ ಮಾತ್ರ ಇಂಡಕ್ಷನ್ ಹೇಳಿ ಮಾಡಿಸಿದಂತಿದೆ. ಕುಕ್ಕರ್ ಕೂಗುವವರೆಗೆ 1,200 ವಾಟ್, ಮೊದಲ ಕೂಗಿನ ನಂತರ 500ರ ಆಸುಪಾಸಿಗೆ ಇಳಿಸಿದರೆ ಅನ್ನ ಹಿಡಿಯುವುದಿಲ್ಲ. ಟೈಮರ್ ಇಟ್ಟರೆ ಒಲೆ ತಾನೇ ಆರುತ್ತದೆ; ಆಫೀಸಿಗೆ ಹೊರಡುವ ಅವಸರದಲ್ಲಿರುವ ಇಬ್ಬರ ಮನೆಗೆ ಇದು ದೊಡ್ಡ ಸಹಾಯ.

ಹೀಗಾಗಿ ಸಣ್ಣ ಅಡುಗೆಮನೆಗೆ ಸರಿಯಾದ ಏರ್ಪಾಡು ಎರಡು ಬರ್ನರಿನ ಗ್ಯಾಸ್ ಒಲೆ ಮತ್ತು ಒಂದು ಇಂಡಕ್ಷನ್. ಕರೆಂಟ್ ಹೋದಾಗ ಇಂಡಕ್ಷನ್ ನಿಲ್ಲುತ್ತದೆ, ಸಾಮಾನ್ಯ ಮನೆಯ ಇನ್ವರ್ಟರ್ ಅದನ್ನು ಓಡಿಸಲಾರದು. ರಾತ್ರಿ ಗ್ಯಾಸ್ ಮುಗಿದು ಮುಂದಿನ ಸಿಲಿಂಡರ್ ಬರುವುದು ತಡವಾದರೆ ಇಂಡಕ್ಷನ್ ಕೈಹಿಡಿಯುತ್ತದೆ. ಅನ್ನ ಸಾರು ಕಾಫಿ ಇಂಡಕ್ಷನ್ನಿಗೆ, ರೊಟ್ಟಿ ದೋಸೆ ಒಗ್ಗರಣೆ ಗ್ಯಾಸಿಗೆ ಎಂದು ಹಂಚಿಕೊಂಡ ಮನೆಯಲ್ಲಿ ಎರಡು ತಿಂಗಳ ಸಿಲಿಂಡರ್ ನಾಲ್ಕು ತಿಂಗಳ ಹತ್ತಿರಕ್ಕೆ ಹೋಗಬಹುದು. ಒಟ್ಟು ಕರೆಂಟ್ 200 ಯೂನಿಟ್ಟಿನ ಗೆರೆ ದಾಟದಂತೆ ನೋಡಿಕೊಳ್ಳಬೇಕು. ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರಿನ ಅಂಕಿ ನೋಡಿ, ಹಿಂದಿನ ಬಿಲ್ಲಿನಲ್ಲಿರುವ ರೀಡಿಂಗನ್ನು ಕಳೆದರೆ ಅಲ್ಲಿಯವರೆಗೆ ಎಷ್ಟು ಯೂನಿಟ್ ಓಡಿದೆ ಎಂಬುದು ತಿಳಿಯುತ್ತದೆ.